ಗಂಗಾರಾಮರ ಹೆಸರಿಗೆ ಬಂದ ಕಾಗದ

ತಾಂಡೂರಿನ ಕೋರ್ಟಿನ ಎದುರು, ತಗಡಿನ ನೆರಳಿನಲ್ಲಿ ಕೂತು ದಸ್ತಾವೇಜು ಬರೆಯುವ ಕಾಶಿನಾಥರು ಈ ಸಂಗತಿಯನ್ನು ನನಗೆ ಎರಡು ಸಲ ಹೇಳಿದರು. ಎರಡು ಸಲವೂ ಮಾತು ಬದಲಾಗಲಿಲ್ಲ. ಮನೆಯೊಳಗಿನ ಭಾಗ ಮಾತ್ರ ಅವರಿಗೆ ತಿಳಿಯದು. ಅದನ್ನು ಬಾಡಿಗೆದಾರಳಾದ ಸುಜಾತಾಳಿಂದ ಕೇಳಿಕೊಂಡೆ.

ಅದು ತೆಲಂಗಾಣಕ್ಕಾಗಿ ಎಲ್ಲರೂ ಮುಷ್ಕರ ಹೂಡಿದ ವರ್ಷ, ೨೦೧೧. ಸುಜಾತಾ, ಅವಳ ಗಂಡ ಶರಣಕುಮಾರ, ಅತ್ತೆ ತುಳಜಾಬಾಯಿ ಕೊಡಂಗಲ್ ಕಡೆಯ ಹಳ್ಳಿಯಿಂದ ತಾಂಡೂರಿಗೆ ಬಂದು ಎಂಟು ತಿಂಗಳಾಗಿತ್ತು. ಶರಣಕುಮಾರನಿಗೆ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಇದ್ದದ್ದು ಒಂದೇ ಕೋಣೆ. ಅದರ ಮೂಲೆಯಲ್ಲಿ ಕಟ್ಟಿಗೆ ಒಲೆ. ಒಲೆ ಹೊತ್ತಿದಾಗಲೆಲ್ಲ ತುಳಜಾಬಾಯಿ ಉಸಿರು ಸಿಗದೆ ಹೊಸ್ತಿಲಿಗೆ ಬಂದು ಕೂರುತ್ತಿದ್ದರು. ಈ ಹೊಗೆಯಲ್ಲಿ ಇನ್ನೊಂದು ಚಳಿಗಾಲ ಕಳೆಯಬಾರದೆಂದು ಸರಕಾರಿ ದವಾಖಾನೆಯ ಡಾಕ್ಟರು ಹೇಳಿದ್ದರು.

ಗ್ಯಾಸಿನ ಏಜೆನ್ಸಿಯಲ್ಲಿ ಗುಮಾಸ್ತ ಅವರ ರೇಷನ್ ಕಾರ್ಡನ್ನು ತಿರುವಿ ನೋಡಿ ಹಿಂದಕ್ಕೆ ತಳ್ಳಿದ.

"ಇದು ಊರಿಂದು. ಊರಾಗೇ ತಗೋರಿ ಗ್ಯಾಸ್."

"ನಾವ್ ಇರೋದು ಇಲ್ಲೇರಿ."

"ಇರೋದು ನನಗ ಕಾಣ್ತದ. ಕಾಗದಕ್ಕ ಕಾಣಬೇಕಲ್ಲ? ಮಾಲಕರ ಸಹಿ ಇರೋ ಬಾಡಿಗಿ ಕರಾರು ತರ್ರಿ, ನೋಟರಿ ಮಾಡ್ಸಿ. ಮನಿ ಟ್ಯಾಕ್ಸ್ ಪಾವತಿದೊಂದು ಜೆರಾಕ್ಸ್."

ಮನೆಯ ಮಾಲಕರನ್ನು ಸುಜಾತಾ ಕಂಡಿರಲಿಲ್ಲ. ಅವರು ನಾರಾಯಣಖೇಡದವರು, ಬಾಡಿಗೆಯನ್ನು ಪಕ್ಕದ ಕಿರಾಣಿ ಅಂಗಡಿಯ ಅಂಜಪ್ಪನ ಕೈಯಲ್ಲಿ ಕೊಡುತ್ತಿದ್ದಳು. ಅಂಜಪ್ಪ ಊರನ್ನೂ ಓಣಿಯನ್ನೂ ಹೇಳಿದ. ಹೆಸರನ್ನು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹೆಸರು ಕರೆಂಟಿನ ಬಿಲ್ಲಿನಲ್ಲಿತ್ತು: ಗಂಗಾರಾಮ. ಅದನ್ನೇ ಲಕೋಟೆಯ ಮೇಲೆ ದುಂಡಗೆ ಬರೆದಳು. ಒಳಗಿನ ಕಾಗದ ಹೀಗಿತ್ತು:

"ಮಾಲಕರಾದ ಗಂಗಾರಾಮ ಅವರಿಗೆ ನಿಮ್ಮ ತಾಂಡೂರಿನ ಮನೆಯಲ್ಲಿರುವ ಸುಜಾತಾಳ ನಮಸ್ಕಾರಗಳು. ನಮ್ಮ ಅತ್ತೆಯವರಿಗೆ ಹೊಗೆ ಆಗುವುದಿಲ್ಲ. ಗ್ಯಾಸಿಗೆ ಈ ಊರಿನ ವಿಳಾಸದ ಪುರಾವೆ ಕೇಳುತ್ತಾರೆ. ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ತಾವು ಸಹಿ ಮಾಡಿದರೆ ಅದೇ ಪುರಾವೆ ಆಗುತ್ತದೆ. ಸ್ಟಾಂಪು ಕಾಗದ, ನೋಟರಿ ಖರ್ಚು ನಮ್ಮದು. ತಾವು ಒಂದು ದಿನ ಬಂದರೆ ಸಾಕು. ಮನೆಯ ಮೇಲೆ ನಮಗೆ ಬೇರೆ ಯಾವ ಹಕ್ಕೂ ಬೇಡ."

ಗಂಗಾರಾಮರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅಂಜಪ್ಪನಿಗೆ ಅದು ಗೊತ್ತಿತ್ತು. ಮನೆಗೆ ಗಂಡಾಳಿಲ್ಲವೆಂದರೆ ಬಾಡಿಗೆಯವರು ಅಂಜುವುದಿಲ್ಲ, ಅವರು ಇದ್ದಾರೆಂದೇ ಇರಲಿ ಎಂದು ಗಂಗಾರಾಮರ ಹೆಂಡತಿ ಬಾಳಮ್ಮ ಅವನಿಗೆ ಹೇಳಿಟ್ಟಿದ್ದರು. ಮಕ್ಕಳಿರಲಿಲ್ಲ. ಪಾವತಿಯಲ್ಲಿ, ಬಿಲ್ಲಿನಲ್ಲಿ ಹೆಸರು ಹಾಗೆಯೇ ನಡೆದಿತ್ತು.

ಸುಜಾತಾ ಉತ್ತರಕ್ಕೆ ಕಾದಳು. ಸೆಪ್ಟೆಂಬರಿನಲ್ಲಿ ಮುಷ್ಕರ ಶುರುವಾಯಿತು, ಬಸ್ಸುಗಳು ನಿಂತವು, ಕಚೇರಿಗಳಿಗೆ ಬೀಗ ಬಿತ್ತು. ತುಳಜಾಬಾಯಿ ಹೊಸ್ತಿಲಲ್ಲಿ ಕೂತು ಮೆರವಣಿಗೆಗಳನ್ನು ನೋಡಿದರು. ಕಾರ್ತಿಕದ ಚಳಿ ಬಂದ ಮೇಲೆ ಹೊಸ್ತಿಲಲ್ಲಿಯೂ ಉಸಿರು ಸರಿಯಾಗಿ ಸಿಗುತ್ತಿರಲಿಲ್ಲ.

ಮುಷ್ಕರ ಮುಗಿದು ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ, ದೀಪಾವಳಿಯ ಮರುವಾರ ಬಾಳಮ್ಮ ಬಂದರು. ನಾರಾಯಣಖೇಡದಿಂದ ಜಹೀರಾಬಾದಿಗೆ, ಅಲ್ಲಿ ಬಸ್ಸು ಬದಲಿಸಿ ತಾಂಡೂರಿಗೆ. ಕೈಯಲ್ಲೊಂದು ಬಟ್ಟೆಯ ಚೀಲ. ಹೊಸ್ತಿಲಲ್ಲಿದ್ದ ಮುದುಕಿಯನ್ನು ನೋಡಿದರು, ತಾನು ಮಾಲಕರ ಹೆಂಡತಿ ಎಂದರು.

"ಮಾಲಕರು ಬರಲಿಲ್ಲೇನ್ರಿ, ಅವ್ವಾ?" ಎಂದಳು ಸುಜಾತಾ.

"ಸಹಿ ನಾನೇ ಮಾಡ್ತೀನಿ. ನಡಿ."

ಕಾಶಿನಾಥರು ಸ್ಟಾಂಪು ಕಾಗದವನ್ನು ಮುಂದಿಟ್ಟುಕೊಂಡು ಮನೆ ಟ್ಯಾಕ್ಸಿನ ಪಾವತಿ ಕೇಳಿದರು, ನೋಡಿದರು.

"ಮನಿ ಗಂಗಾರಾಮ ಅವರ ಹೆಸರಿಲೇ ಅದ. ಅವರೆಲ್ಲಿ ಅಕ್ಕಾರ?"

"ಅವರು ಬರಾಂಗಿಲ್ಲ."

"ಮೈಗೆ ಹುಷಾರಿಲ್ಲೇನು? ಆರಾಮಾದ ಮ್ಯಾಲೆ ಬರಲಿ."

ಬಾಳಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಕಾಶಿನಾಥರಿಗೆ ಅರ್ಥವಾಯಿತು. ಅವರು ದನಿ ತಗ್ಗಿಸಿದರು.

"ಎಷ್ಟು ದಿನ ಆತ್ರಿ?"

"ಎರಡು ವರ್ಷ."

ಸುಜಾತಾ ಕೈಯಲ್ಲಿದ್ದ ಜೆರಾಕ್ಸುಗಳನ್ನು ನೋಡುತ್ತ ನಿಂತಳು. ತಾನು ಸತ್ತವರಿಗೆ ಕಾಗದ ಬರೆದೆನೆಂಬುದು ಅವಳಿಗೆ ಆಗ ತಿಳಿಯಿತು.

"ನೀವು ವಾರಸುದಾರರು, ಸಹಿ ಮಾಡಬಹುದು. ಆದ್ರ ಅವರ ಹೆಸರಿಗಿಂತ ಮೊದಲ ಲೇಟ್ ಅಂತ ಹಾಕಬೇಕಾಗ್ತದ. ಮರಣದ ಸರ್ಟಿಫಿಕೇಟಿನ ನಕಲು ಹಚ್ಚಬೇಕು. ಇಲ್ಲಂದ್ರ ಏಜೆನ್ಸಿಯವರು, ಪಾವತಿ ಒಬ್ಬರದು ಸಹಿ ಒಬ್ಬರದು ಅಂತ ತಿರುಗಿ ಕಳಸ್ತಾರ."

"ಅದೊಂದು ಮಾತು ಬಿಟ್ಟು ಬರೀರಿ."

"ಬಿಟ್ರ ಸುಳ್ಳಾಗ್ತದ್ರಿ. ನೋಟರಿ ವಕೀಲರು ಮುದ್ರಿ ಒತ್ತಂಗಿಲ್ಲ."

"ಕರೆಂಟಿನ ಬಿಲ್ ಅವರ ಹೆಸರಿಲೇ ಬರ್ತದ. ಮುನಸಿಪಾಲ್ಟಿ ಪಾವತಿ ಅವರ ಹೆಸರಿಲೇ ಬರ್ತದ. ಸರಕಾರದವರೆಲ್ಲಾ ಅವರು ಇದ್ದಾರಂತಾರ. ನೀವೊಬ್ರೇ ಇಲ್ಲಂತೀರಿ."

ಕಾಶಿನಾಥರು ಇದನ್ನು ನನಗೆ ಹೇಳುವಾಗ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಆ ದಿನ ಅವರು ಸ್ಟಾಂಪು ಕಾಗದವನ್ನು ಪಕ್ಕಕ್ಕೆ ಸರಿಸಿದರಂತೆ. ಬಾಳಮ್ಮ ಚೀಲ ಎತ್ತಿಕೊಂಡು ಎದ್ದರು. ಜಹೀರಾಬಾದಿನ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಸುಜಾತಾ ಜಗಳವಾಡಲಿಲ್ಲ. "ಚಹಾ ಕುಡದು ಹೋಗ್ರಿ, ಅವ್ವಾ" ಎಂದಳು.

ಮನೆಯಲ್ಲಿ ಒಲೆ ಹೊತ್ತಿಸಿದಳು. ಕಟ್ಟಿಗೆ ಹಸಿಯಾಗಿತ್ತು. ತುಳಜಾಬಾಯಿ ಗೋಡೆ ಹಿಡಿದು ಹೊಸ್ತಿಲಿಗೆ ಬಂದರು. ಬಾಳಮ್ಮ ಮೊದಲೇ ಅಲ್ಲಿ ಕೂತಿದ್ದರು. ಸರಿದು ಜಾಗ ಬಿಟ್ಟರು. ಇಬ್ಬರೂ ಬೀದಿಯನ್ನು ನೋಡುತ್ತ ಕೂತರು. ಕೆಮ್ಮು ನಿಂತ ಮೇಲೆ ತುಳಜಾಬಾಯಿ ಕೇಳಿದರು:

"ಆತೇನು, ಸಹಿ?"

"ಇಲ್ಲ. ಲೇಟ್ ಅಂತ ಬರೀಬೇಕಂತ."

ತುಳಜಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ಮವರು ಹೋಗಿ ಹನ್ನೆರಡು ವರ್ಷ. ರೇಷನ್ ಕಾರ್ಡಿನಾಗಿಂದ ಹೆಸರು ತಗಸಾಕ ನಾನೇ ಹೋಗಿದ್ದೆ. ಹೊಡದು ಹಾಕಿದ್ರು. ಮನಿಗೆ ಬಂದು ರೊಟ್ಟಿ ಮಾಡಿದೆ."

"ಅಷ್ಟೇನಾ?"

"ಅಷ್ಟೇ. ಉಣ್ಣವರಿದ್ರಲ್ಲ."

ಬಾಳಮ್ಮ ಕೈಯಲ್ಲಿದ್ದ ಚಹಾವನ್ನು ಅರ್ಧಕ್ಕೆ ಬಿಟ್ಟರು. "ನಡಿ ತಂಗಿ, ಕಚೇರಿ ಮುಚ್ಚತಾರ" ಎಂದು ಸುಜಾತಾಳನ್ನು ಕರೆದು ಎದ್ದರು.

ಮರಣದ ಸರ್ಟಿಫಿಕೇಟು ಚೀಲದಲ್ಲಿಯೇ ಇತ್ತು. ಬೆಳಿಗ್ಗೆಯಿಂದಲೂ ಇತ್ತು. ಕಾಶಿನಾಥರು ಅದರ ನಕಲು ತೆಗೆಸಿಕೊಂಡು ಟೈಪಿಗೆ ಕೂತರು. ಕರಾರು ತೆಲುಗಿನಲ್ಲಿ, ಒಂದೊಂದು ಸಾಲು ಮುಗಿದಂತೆ ಅದನ್ನು ಕನ್ನಡದಲ್ಲಿ ಓದಿ ಹೇಳುವುದು ಅವರ ರೂಢಿ. ಬರೆಸುವವರ ಬಾಯಿಂದಲೇ ಹೆಸರು ಕೇಳಿ ಬರೆಯುವುದೂ ಅವರ ರೂಢಿ.

"ಗಂಡನ ಹೆಸರು ಹೇಳ್ರಿ, ಅಕ್ಕಾರ."

ಬಾಳಮ್ಮ ಮೂವತ್ತೊಂದು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ಆ ಕಡೆಯ ಹಳಬರು ಆಡುವುದಿಲ್ಲ. ಅವರು ಚೀಲದಿಂದ ಸುಜಾತಾಳ ಲಕೋಟೆಯನ್ನು ತೆಗೆದು ಮೇಜಿನ ಮೇಲೆ ಇಟ್ಟರು, ಹೆಸರಿನ ಸಾಲಿನ ಕೆಳಗೆ ಬೆರಳಿಟ್ಟರು. ಕಾಶಿನಾಥರು ಅದನ್ನು ನೋಡಿ ಟೈಪು ಮಾಡಿದರು. ಮೊದಲು ಆ ಒಂದು ಮಾತು, ಆಮೇಲೆ ಹೆಸರು. ಆ ಸಾಲನ್ನು ಮಾತ್ರ ಅವರು ಓದಿ ಹೇಳಲಿಲ್ಲ.

ಬಾಳಮ್ಮ ಪ್ರತಿ ಪುಟದ ಕೆಳಗೂ ಅಕ್ಷರ ಕೂಡಿಸಿ ಸಹಿ ಮಾಡಿದರು, ಸುಜಾತಾ ಮಾಡಿದಳು. ಅಂಜಪ್ಪನೂ ಪಕ್ಕದ ಮನೆಯ ದಶರಥನೂ ಸಾಕ್ಷಿ ಹಾಕಿದರು. ನೋಟರಿ ವಕೀಲರು ಪುಸ್ತಕದಲ್ಲಿ ನಮೂದಿಸಿ ಮುದ್ರೆ ಒತ್ತಿದರು. ಅಸಲು ಸುಜಾತಾಳಿಗೆ, ನಕಲು ಬಾಳಮ್ಮನಿಗೆ.

"ಆಕಿಗೆ ಗೊತ್ತಿದ್ದಿಲ್ಲ. ತಪ್ಪಾತ್ರಿ, ಆ ಹೆಸರಿಗೆ ಬರ್ದಿದ್ದು" ಎಂದ ಅಂಜಪ್ಪ, ಸುಜಾತಾಳ ಪರವಾಗಿ.

"ಎರಡು ವರ್ಷದಾಗ ಅವರಿಗೆ ಬಂದಿದ್ದು ಇದೊಂದೇ" ಎಂದರು ಬಾಳಮ್ಮ.

ಸಂಕ್ರಾಂತಿಗೆ ಮುಂಚೆ ಗ್ಯಾಸು ಬಂತು. ತುಳಜಾಬಾಯಿ ಈಗ ಒಲೆಯ ಮೂಲೆಯಲ್ಲಿಯೇ ಮಲಗುತ್ತಾರೆ, ಅಲ್ಲಿ ಬೆಚ್ಚಗಿರುತ್ತದೆಂದು.

ಸಹಿಯಾದ ಆ ಸಂಜೆ ಬಾಳಮ್ಮ ಹೊರಡುವಾಗ ಕರಾರಿನ ನಕಲನ್ನು ಮೇಜಿನ ಮೇಲೆಯೇ ಮರೆತಿದ್ದರು. ಕಾಶಿನಾಥರು ಕೂಗಿ ಕರೆದು ಕೊಟ್ಟರು. ಅವರು ಅದನ್ನು ಚೀಲಕ್ಕೆ ಹಾಕಿದರು. ಲಕೋಟೆ ಮಾತ್ರ ಬಸ್ಸು ಹತ್ತುವವರೆಗೂ ಕೈಯಲ್ಲಿತ್ತು.