ಬಿಚ್ಚುವ ಪಾಠ

ತೊಕ್ಕೊಟ್ಟಿನ ನನ್ನ ಹೊಲಿಗೆ ತರಗತಿಗೆ ಪಂಚ್ ನೀಡಲ್ ಕಸೂತಿ ಕಲಿಸಲು ಬಂದ ಪ್ರಾಪ್ತಿ, ಮೊದಲು ವಿಡಿಯೊಗೆಂದು ತಂದ ರಿಂಗ್ ಲೈಟನ್ನು ತನ್ನ ಮುಖಕ್ಕೆ ಹೊಂದಿಸಿಕೊಂಡಳು. ಚೌಕಟ್ಟಿನ ಬಟ್ಟೆ ಒಣಹಾಕಿದ ಲುಂಗಿಯಂತೆ ಜೋತಾಡುತ್ತಿತ್ತು.

"ಬಟ್ಟೆ ಬಿಗಿ ಇಲ್ಲ ಮಾರಾಯ್ತಿ. ತಟ್ಟಿದ್ರೆ ದಫ್‌ನ ಹಾಗೆ ಸದ್ದು ಬರ್ಬೇಕು," ಎಂದೆ.

"ನೀವು ಓಲ್ಡ್ ಸ್ಟೈಲ್, ಮರ್ವಾಕ್ಕ. ನಂಗೆ ಐವತ್ತು ಸಾವಿರ ಫಾಲೋವರ್ಸ್ ಉಂಟು."

ಫಾಲೋವರ್ಸ್ ಬಂದು ಬಟ್ಟೆ ಎಳೆದು ಹಿಡಿಯುತ್ತಾರೇನೋ ಎಂದುಕೊಂಡೆ.

ಈ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಬಿಗಿಯಾದ ಬಟ್ಟೆಯ ನೇಯ್ಗೆಯೇ ನೂಲನ್ನು ಹಿಡಿದಿಡುತ್ತದೆ. ಪ್ರತಿ ಸಲವೂ ಸೂಜಿ ತನ್ನ ಹಿಡಿಕೆಯವರೆಗೂ ಇಳಿಯಬೇಕು. ಮೇಲೆ ಬಂದ ತುದಿ ಬಟ್ಟೆಯನ್ನು ಸವರಿಕೊಂಡೇ ಮುಂದೆ ಹೋಗಬೇಕು. ಆಗಲೇ ಅಡಿಯಲ್ಲಿ ಕುಣಿಕೆಗಳು ಒಂದೇ ಎತ್ತರಕ್ಕೆ ನಿಲ್ಲುವುದು. ಪ್ರಾಪ್ತಿಯೋ ವಿಡಿಯೊದಲ್ಲಿ ಚಂದ ಕಾಣಲೆಂದು ಪ್ರತಿ ಹೊಲಿಗೆಗೂ ಸೂಜಿಯನ್ನು ಗೇಣೆತ್ತರ ಎತ್ತುತ್ತಿದ್ದಳು. ಎತ್ತಿದಾಗಲೆಲ್ಲ ಹಿಂದಿನ ಕುಣಿಕೆ ನೂಲಿನೊಂದಿಗೆ ಮೇಲಕ್ಕೆ ಜಗ್ಗಿ ಗಿಡ್ಡವಾಗುತ್ತಿತ್ತು.

ಕೊನೆಗೆ ಚೌಕಟ್ಟನ್ನು ತಿರುಗಿಸಿ, ಕುಣಿಕೆಗಳ ಗುಲಾಬಿಯನ್ನು ಕ್ಯಾಮೆರಾಕ್ಕೆ ಹಿಡಿದಳು. ಒಂದು ಕುಣಿಕೆ ಉದ್ದ, ಮೂರು ಗಿಡ್ಡ. ಉದ್ದದ್ದು ಅವಳ ಉಂಗುರಕ್ಕೆ ಸಿಕ್ಕಿಕೊಂಡಿತು. ಕೈ ಎಳೆದದ್ದೇ ತಡ, ಇಡೀ ದಳ ಸರ್ರೆಂದು ಬಿಚ್ಚಿಬಂತು.

"ಎಂತ ನೂಲು ಮಾರಾಯ್ರೇ ಇದು!" ಎಂದು ನನ್ನ ನೂಲನ್ನೇ ಬೈದಳು.

ಸಂಜೆ ಆ ವಿಡಿಯೊ ಬಂತು. ಗುಲಾಬಿ ಹೊಲಿದ ಭಾಗ ಹೋಗಿ ದಳ ಬಿಚ್ಚಿದ್ದಷ್ಟೇ ಉಳಿದಿತ್ತು, ಹೊಸ ಶೀರ್ಷಿಕೆ ಬಂದಿತ್ತು: 'ಒಂದೇ ಸೆಕೆಂಡಿನಲ್ಲಿ ಕಸೂತಿ ಬಿಚ್ಚುವುದು ಹೇಗೆ?'

ಅವಳು ಸರಿಯಾಗಿ ಕಲಿಸಿದ್ದು ಅದೊಂದನ್ನೇ.