ಬೀರುವಿನಲ್ಲಿಟ್ಟ ರೂಟರ್

ಬ್ರಾಡ್‌ಬ್ಯಾಂಡ್ ಬಿಲ್ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಆರು ತಿಂಗಳ ಆಫರ್ ಮುಗಿದಿದೆ, ದರ ಏರುತ್ತದೆ, ಅದು ಗೊತ್ತಿದ್ದದ್ದೇ. ಆದರೆ ಅದರ ಕೆಳಗೆ ರೂಟರ್ ಬಾಡಿಗೆ, ಅದರ ಕೆಳಗೆ ಅಳವಡಿಕೆ ಶುಲ್ಕ! ಎಲ್ಲ ಉಚಿತ ಎಂದು ಹಲ್ಲು ಕಿರಿದು ಲೈನ್ ಎಳೆದು ಹೋದವರು ಇವರೇ.

“ತೆಗೆಸಿಬಿಡು ಆ ಲೈನ್ನ,” ಎಂದರು ಬಸ್ ಓಡಿಸುವ ನನ್ನ ಯಜಮಾನರು. “ನೀನು ದುಡಿಯೋದೆಲ್ಲ ಅದಕ್ಕೇ ಸುರಿದ್ರೆ ಏನು ಬಂತು ಭಾಗ್ಯ?”

ಡಾಕ್ಟರುಗಳು ಧ್ವನಿಯಲ್ಲಿ ಕಳಿಸುವ ವರದಿಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡುವವಳು ನಾನು. ಲೈನ್ ಹೋದರೆ ಕೆಲಸವೂ ಹೋಯಿತು. ಅದನ್ನು ಬಿಡುವ ಮಾತೇ ಇಲ್ಲ! ಕನೆಕ್ಷನ್ ಅತ್ತೆಯ ಹೆಸರಿನಲ್ಲಿತ್ತು. ಅವರನ್ನು ಕರೆದುಕೊಂಡು ಕಂಪನಿಯ ಕಚೇರಿಗೇ ನುಗ್ಗಿದೆ.

“ನಿಮ್ಮ ರೂಟರ್ ನಮ್ಮನೆಗೆ ಬಂದೇ ಇಲ್ಲ. ನಾವು ಓಡಿಸ್ತಿರೋದು ನಮ್ಮ ಹಳೇದನ್ನೇ,” ಎಂದು ಗುಡುಗಿದೆ.

ಕೌಂಟರಿನವಳು ಪರದೆ ನೋಡಿದಳು. “ಬಂದಿದೆ ಮೇಡಂ. ಅಮ್ಮನೇ ಸಹಿ ಹಾಕಿ ತಗೊಂಡಿದ್ದಾರೆ.”

ಅತ್ತೆ ಕನ್ನಡಕ ಒರೆಸಿಕೊಂಡರು. “ಆ ಬಿಳಿ ಡಬ್ಬಾನಾ? ಪುಕ್ಕಟೆ ಅಂದ್ರು. ಹೊಸದನ್ನ ಯಾಕೆ ಹಾಳು ಮಾಡೋದು, ಯಾರದ್ದಾದ್ರೂ ಮದುವೆಗೆ ಕೊಡೋಣ ಅಂತ ಬೀರುವಲ್ಲಿಟ್ಟೆ. ಸೀಲೂ ಒಡೆದಿಲ್ಲ.”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಕೌಂಟರಿನವಳು ಮಾತ್ರ ನಗಲಿಲ್ಲ. ಮತ್ತೇನೋ ಒತ್ತಿ ನೋಡಿದಳು. “ಹೌದಲ್ಲ! ಈ ರೂಟರ್ ಒಂದು ಸಲವೂ ಆನ್ ಆಗಿಲ್ಲ. ಆನ್ ಆದ ದಿನದಿಂದ ಮಾತ್ರ ಬಾಡಿಗೆ ಅನ್ನೋದು ನಮ್ಮದೇ ನಿಯಮ. ವಾಪಸ್ ತಂದುಕೊಡಿ, ಬಾಡಿಗೆ ಪೂರ್ತಿ ತೆಗೀತೀನಿ.”

ಹೋದ ಜೀವ ಬಂದಂತಾಯಿತು. “ಮತ್ತೆ ಅಳವಡಿಕೆ? ಒಂದು ವರ್ಷ ಇದ್ರೆ ಉಚಿತ ಅಂದಿದ್ರಲ್ಲ. ನಾವೆಲ್ಲಿಗೆ ಓಡಿಹೋಗಿದ್ದೀವಿ?”

ಒಳಗಿಂದ ಮ್ಯಾನೇಜರ್ ಬಂದ. “ಆಫರ್ ಮುಗಿದ ಕೂಡಲೇ ಸಿಸ್ಟಮ್ ತಾನೇ ಹಾಕಿಬಿಟ್ಟಿದೆ...”

“ಹಾಗಾದ್ರೆ ಅದಕ್ಕೇ ಹೇಳಪ್ಪ, ತಾನೇ ತೆಗೀಲಿ,” ಎಂದರು ಅತ್ತೆ. ಈ ಸಲ ಸಾಲಿನವರು ನಕ್ಕದ್ದು ಅವನನ್ನು ನೋಡಿ. ಅವನು ತೆಪ್ಪಗೆ ತೆಗೆಸಿದ.

ನಾನು ಅಲ್ಲಿಗೇ ಬಿಡಲಿಲ್ಲ. ಧ್ವನಿ ಕೇಳುವ ಕೆಲಸಕ್ಕೆ ಅಷ್ಟು ವೇಗ ಯಾಕೆಂದು ಕೇಳಿ, ಬೋರ್ಡಿನಲ್ಲೆಲ್ಲೂ ಇಲ್ಲದ ಚಿಕ್ಕ ಪ್ಲಾನನ್ನು ಹೊರಗೆಳೆಸಿದೆ. ಅಷ್ಟರಲ್ಲಿ ಅತ್ತೆ ಆಟೋದಲ್ಲಿ ಹೋಗಿ ಡಬ್ಬ ತಂದು ಕೌಂಟರಿನ ಮೇಲಿಟ್ಟು ರಸೀದಿ ಕೇಳಿ ಪಡೆದರು. ಹಿಂದೆ ನಿಂತಿದ್ದವರೊಬ್ಬರು, “ಅಮ್ಮಾ, ನನ್ನ ಬಿಲ್ಲಿಗೂ ಸ್ವಲ್ಪ ನಿಂತ್ಕೊಳ್ತೀರಾ?” ಎಂದು ಅವರನ್ನು ಬಿಡಲೇ ಇಲ್ಲ. ಹೆಮ್ಮೆಯಿಂದ ನನ್ನ ಎದೆಯುಬ್ಬಿತು.

ಸಂಜೆ ಯಜಮಾನರು ಬಾಗಿಲಲ್ಲೇ ಕೇಳಿದರು: “ಲೈನ್ ತೆಗೆಸಿದ್ಯಾ?”

ಅತ್ತೆ ತುಟಿಯ ಮೇಲೆ ಬೆರಳಿಟ್ಟು ಮಗನನ್ನು ಗದರಿದರು. “ಮೆಲ್ಲಗೆ ಮಾತಾಡೋ. ಅವಳು ಕೆಲಸದಲ್ಲಿದ್ದಾಳೆ.”