ಕೊನೆಯವರೆಗೆ ನೋಡದ ವೀಡಿಯೊ

ನೆಕ್ರಾಜೆಯಲ್ಲಿ ಏನು ಕೆಟ್ಟರೂ ತಪ್ಪು ನೆಟ್‌ವರ್ಕಿನದ್ದೇ. ಬ್ಯಾಂಕಿನ ಕೆಲಸ ಆಗದಿದ್ದರೂ ನೆಟ್‌ವರ್ಕು, ಅಳಿಯ ಫೋನೆತ್ತದಿದ್ದರೂ ನೆಟ್‌ವರ್ಕು. ಪಾಪ, ಅದಕ್ಕೆ ಬಾಯಿಲ್ಲ. ಸ್ಟುಡಿಯೋ ಇಟ್ಟುಕೊಂಡ ಗಣೇಶಪ್ರಸಾದನೂ ಕೊನೆಗೆ ಅದರ ಬೆನ್ನ ಹಿಂದೆಯೇ ಅಡಗಿದ.

ಬೀಡಿ ಕಟ್ಟುವ ದಮಯಂತಿಯ ಮಗಳು ನಮಿತಾ ಚೆಂಡೆ ಬಾರಿಸುತ್ತಾಳೆ. ದೂರದ ಒಂದು ವಾದ್ಯಶಾಲೆಯಲ್ಲಿ ಊಟ, ವಸತಿ ಕೊಟ್ಟು ಕಲಿಸುತ್ತಾರೆ. ಆಯ್ಕೆಗೆ ವೀಡಿಯೊ ಕಳಿಸಬೇಕು. ಎಲ್ಲೂ ಕತ್ತರಿಸಿರಬಾರದು, ಕೈ ಸ್ಪಷ್ಟ ಕಾಣಬೇಕು. ನೆರೆಮನೆಯವರ ಫೋನಿನಲ್ಲಿ ದಮಯಂತಿಯೇ ಮಗಳನ್ನು ಚಿತ್ರೀಕರಿಸಿದಳು. ಫೈಲು ಮೂರು ಜಿಬಿ ದಾಟಿತು. ಕಳಿಸಲು ಹೋದರೆ ಅರ್ಧಕ್ಕೆ ನಿಲ್ಲುತ್ತಿತ್ತು; ಪುಟವನ್ನು ಮತ್ತೆ ತೆರೆದರೆ ಸೊನ್ನೆಯಿಂದ ಶುರು. ಸೋತು, ತಾಯಿ ಮಗಳು ಮೊದಲೇ ಅಂದುಕೊಂಡಿದ್ದಂತೆ, ಗಣೇಶಪ್ರಸಾದನ ಬಳಿ ಬಂದಳು.

ಅವನಿಗೆ ಮದುವೆ ಸೀಸನ್ನಿನ ಗಡಿಬಿಡಿ. ಫೈಲನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು, ಹಳೆಯ ಸಾಫ್ಟ್‌ವೇರಿನಲ್ಲಿ ಕುಗ್ಗಿಸಿ, ಮೊದಲ ಅರ್ಧ ನಿಮಿಷ ನೋಡಿದ. ಚೆನ್ನಾಗಿಯೇ ಇತ್ತು. ಟವರು ಖಾಲಿ ಇರುವ ಬೆಳಗಿನ ಜಾವಕ್ಕೆ ಹೊತ್ತು ಗೊತ್ತುಮಾಡಿ, ನಿಂತರೆ ನಿಂತಲ್ಲಿಂದಲೇ ಮುಂದುವರಿಯುವ ಆ್ಯಪಿಗೆ ಹಾಕಿಟ್ಟ. ಏಳುವಷ್ಟರಲ್ಲಿ ಹೋಗಿತ್ತು. ವಾದ್ಯಶಾಲೆಗೆ ಲಿಂಕ್ ಕಳಿಸಿ, ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮುಂದಿನ ವಾರ ಉತ್ತರ ಬಂತು. ಕೊನೆಯ ಭಾಗದಲ್ಲಿ ಕೈಗೂ ಸದ್ದಿಗೂ ತಾಳೆಯಾಗುವುದಿಲ್ಲ, ಬೇರೆಯವರ ವಾದನವನ್ನು ಜೋಡಿಸಿದಂತಿದೆ, ಅರ್ಜಿ ತಿರಸ್ಕರಿಸಲಾಗಿದೆ. ಊರಲ್ಲಿ ನಮಿತಾಳಿಗೆ ಚೆಂಡೆ ಕಲಿಸುವ ಉದಯಶಂಕರ ಮಾಸ್ಟ್ರು ಎಲ್ಲ ಮಕ್ಕಳೆದುರು ಕೇಳಿದರಂತೆ, "ನಿಜ ಹೇಳು ಮಗಾ, ಅದು ಯಾರು ಬಾರಿಸಿದ್ದು?" ನಮಿತಾ ಕೋಲು ಕೆಳಗಿಟ್ಟು ಮನೆಗೆ ಹೋದವಳು ಮತ್ತೆ ಕ್ಲಾಸಿಗೆ ಬರಲಿಲ್ಲ.

"ಎಂತ ಆದದ್ದು ಗಣೇಶಣ್ಣ? ಅವಳು ಅನ್ನ ಮುಟ್ಟುವುದಿಲ್ಲ," ಎಂದಳು ದಮಯಂತಿ, ಸ್ಟುಡಿಯೋದ ಬಾಗಿಲಲ್ಲಿ ನಿಂತು.

"ನೆಟ್‌ವರ್ಕ್ ಅಕ್ಕ. ಹೋಗುವಾಗ ದಾರಿಯಲ್ಲಿ ಹಾಳಾಗಿರಬೇಕು."

"ಹಾಗಾ. ನೀವಾದರೂ ಎಂತ ಮಾಡ್ಲಿಕ್ಕುಂಟು," ಎಂದು ಅವಳು ಹೊರಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ನಂಬಿಬಿಟ್ಟಳಲ್ಲ. ದಾರಿಯಲ್ಲಿ ಫೈಲು ಹಾಗೆ ಹಾಳಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಕುಗ್ಗಿಸಿದ ಫೈಲಿನ ಕೊನೆಯ ಭಾಗವನ್ನು ತೆರೆದ. ಕೋಲು ಬಿದ್ದು ಮೇಲೆದ್ದಾದ ಮೇಲೆ ಪೆಟ್ಟಿನ ಸದ್ದು ಬರುತ್ತಿತ್ತು. ಬೆಳಕು ಸಾಲದ ಕಡೆ ಫೋನು ಸೆಕೆಂಡಿಗೆ ಹಿಡಿಯುವ ಚಿತ್ರಗಳನ್ನು ಕಡಿಮೆ ಮಾಡುತ್ತದೆ. ಹಳೆಯ ಸಾಫ್ಟ್‌ವೇರಿಗೆ ಅದು ತಿಳಿಯದೆ, ಎಲ್ಲ ಸೆಕೆಂಡಿಗೂ ಒಂದೇ ಲೆಕ್ಕ ಹಾಕಿತ್ತು. ಚಿತ್ರ ಚೂರು ಚೂರೇ ಮುಂದೆ ಓಡಿ, ಸದ್ದು ಹಿಂದೆ ಉಳಿದಿತ್ತು. ಮೊದಲ ಅರ್ಧ ನಿಮಿಷದಲ್ಲಿ ಇದು ಕಾಣುವುದೇ ಇಲ್ಲ. ಅವನು ಅಷ್ಟಕ್ಕೇ ಮುಚ್ಚಿದ.

ವಾದ್ಯಶಾಲೆಗೆ ಫೋನು ಮಾಡಿದಾಗಲೂ "ನೆಟ್‌ವರ್ಕು" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕಷ್ಟಪಟ್ಟು ನುಂಗಿದ. "ಕೆಡಿಸಿದ್ದು ನಾನು. ಹುಡುಗಿಯದ್ದು ತಪ್ಪಿಲ್ಲ," ಎಂದ. ಕುಗ್ಗಿಸದ ಮೂಲ ಫೈಲನ್ನೇ ನಾಳೆ ಮಧ್ಯಾಹ್ನದೊಳಗೆ ಕಳಿಸಿದರೆ ಮತ್ತೆ ನೋಡುತ್ತೇವೆ ಎಂದರು. ಮಾಸ್ಟ್ರಿಗೂ ಫೋನು ಮಾಡಿ ಹೇಳಿದ.

ಪುಣ್ಯಕ್ಕೆ ಮೂಲ ಫೈಲನ್ನು ಅಳಿಸಿರಲಿಲ್ಲ. ಜಾವದಲ್ಲಿ ಹೊರಟ ಅದು ಎರಡು ಬಾರಿ ನಿಂತು, ನಿಂತಲ್ಲಿಂದಲೇ ಎದ್ದು, ತಿಂಡಿಯ ಹೊತ್ತಿಗೆ ತಲುಪಿತು. ಗೆದ್ದವನಂತೆ ಲ್ಯಾಪ್‌ಟಾಪ್ ಹಿಡಿದು ದಮಯಂತಿಯ ಮನೆಗೆ ನಡೆದ.

"ನೆಟ್‌ವರ್ಕ್ ಅಲ್ಲ ಅಕ್ಕ. ನಾನೇ ಹಾಳು ಮಾಡಿದ್ದು. ನಿನ್ನೆ ಸುಳ್ಳು ಹೇಳಿದೆ. ಈಗ ಸರಿಯಾದದ್ದು ಹೋಗಿದೆ, ಅವರು ಮತ್ತೆ ನೋಡ್ತಾರಂತೆ."

ದಮಯಂತಿ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟಳು. ಬಾಗಿಲಿಗೆ ಒರಗಿದ್ದ ನಮಿತಾ ಕೇಳಿದಳು, "ಈ ಸಲ ಆದ್ರೂ ಕೊನೆವರೆಗೆ ನೋಡಿದ್ರಾ ಗಣೇಶಣ್ಣ?"

ಗೆದ್ದ ಮುಖ ಬಾಡಿತು. ಈ ಸಲ ಅವನು ನೋಡಿದ್ದು ಶೇಕಡಾ ಎಷ್ಟು ಹೋಯಿತೆಂದು ಮಾತ್ರ.

"ಇಲ್ಲ."

"ಹಾಗಾದ್ರೆ ಈಗ ನೋಡಿ."

ಜಗಲಿಯಲ್ಲಿ ಕುಳಿತು ನೋಡಿದ. ಇಡೀ. ಕೈಯೂ ಸದ್ದೂ ಒಂದೇ ಆಗಿದ್ದವು. ಕೊನೆಕೊನೆಗೆ ಕೋಲು ಕಣ್ಣಿಗೆ ಸಿಗದಷ್ಟು ವೇಗವಾದರೂ ಒಂದು ಪೆಟ್ಟೂ ತಪ್ಪಲಿಲ್ಲ. ಇಂಥದ್ದನ್ನು ಕಳ್ಳತನ ಅನ್ನಿಸಿಬಿಟ್ಟೆನಲ್ಲ ಎಂದು ಅವನಿಗೆ ತಲೆ ಎತ್ತಲಾಗಲಿಲ್ಲ. ವಾದನ ಮುಗಿದ ಮೇಲೂ ವೀಡಿಯೊ ಮುಗಿಯಲಿಲ್ಲ. ಪರದೆಯ ನಮಿತಾ ಚೆಂಡೆಗೆ ನಮಸ್ಕರಿಸಿ, ಬೆವರೊರೆಸಿಕೊಂಡು ನೇರ ಅವನತ್ತ ನೋಡಿದಳು.

"ಕಲಿಸಿದ ಉದಯಶಂಕರ ಮಾಸ್ಟ್ರಿಗೆ ನಮಸ್ಕಾರ. ನಮ್ಮಲ್ಲಿ ನೆಟ್ ಇಲ್ಲ. ಇದು ನಿಮಗೆ ಸಿಕ್ಕಿದ್ರೆ ಅದು ನಮ್ಮ ಗಣೇಶಣ್ಣ ಕಳಿಸಿದ್ದು. ಅವರಿಗೂ ನಮಸ್ಕಾರ."